ನೀವು ತೆರೆಯದ ಖಾತೆಗೆ ನಿಮ್ಮ ಇಮೇಲ್ ಸೇರಿದ್ದು ಹೇಗೆ?

ಯಾವುದೋ ಹೊಸ ಸೇವೆಗೆ ಮೊದಲ ಬಾರಿ ಸೇರಲು ಹೋದವರಿಗೆ ‘ಈ ಇಮೇಲ್ ವಿಳಾಸ ಈಗಾಗಲೇ ನೋಂದಣಿಯಾಗಿದೆ’ ಎಂಬ ಉತ್ತರ ಬಂದರೆ ಹಲವು ಅನುಮಾನಗಳು ಒಟ್ಟಿಗೇ ಏಳುತ್ತವೆ. ನಾನೇ ಎಂದೋ ಸೇರಿ ಮರೆತಿದ್ದೇನೆಯೇ? ನನ್ನ ಇಮೇಲ್ ಯಾರ ಕೈಗಾದರೂ ಸಿಕ್ಕಿದೆಯೇ? ಅಥವಾ ತಾಣವೇ ತಪ್ಪು ಹೇಳುತ್ತಿದೆಯೇ? ಇಮೇಲ್ ಕಳುವಾಗಿದೆ ಎಂದು ಗಾಬರಿಯಾಗಿ ಕೆಲವರು ತಮ್ಮ ಇಮೇಲ್‌ನ ಪಾಸ್‌ವರ್ಡ್ ಬದಲಿಸುತ್ತಾರೆ. ಹೆಚ್ಚಿನವರು ಅಷ್ಟು ತಲೆಕೆಡಿಸಿಕೊಳ್ಳದೆ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಕೊಂಡಿ ಒತ್ತಿ ಒಳಗೆ ಹೋಗಿಬಿಡುತ್ತಾರೆ.

ಈ ಎರಡನೆಯ ದಾರಿ ಅಷ್ಟು ನಿರುಪದ್ರವಿಯಲ್ಲ ಎಂದು 2022ರಲ್ಲಿ ಒಂದು ಅಧ್ಯಯನ ತೋರಿಸಿತು. ಸಂಶೋಧಕ ಅವಿನಾಶ್ ಸುಧೋದನನ್ ಮತ್ತು ಮೈಕ್ರೋಸಾಫ್ಟ್‌ನ ಆಂಡ್ರ್ಯೂ ಪಾವರ್ಡ್ ಜನಪ್ರಿಯವಾದ 75 ಸೇವೆಗಳನ್ನು ಪರೀಕ್ಷಿಸಿದರು. ವಿಳಾಸದ ನಿಜವಾದ ಒಡೆಯ ಸೇರುವ ಮೊದಲೇ ಬೇರೊಬ್ಬರು ಅದೇ ವಿಳಾಸದಲ್ಲಿ ಖಾತೆ ತೆರೆದು, ಒಡೆಯ ಬಂದು ಬಳಸತೊಡಗಿದ ಮೇಲೂ ಒಳಗೇ ಉಳಿಯುವ ಸಾಧ್ಯತೆ ಅವುಗಳಲ್ಲಿ ಕನಿಷ್ಠ 35ರಲ್ಲಿ ಕಂಡುಬಂತು. ಅವರು ಇದಕ್ಕೆ ಇಟ್ಟ ಹೆಸರು ‘ಪೂರ್ವ ಅಪಹರಣ’. ಖಾತೆ ನಿಮ್ಮದಾಗುವ ಮುನ್ನವೇ ಅಪಹರಣವಾಗಿರುತ್ತದೆ.

ಅಂದಮಾತ್ರಕ್ಕೆ ಈ ಸಂದೇಶ ಕಂಡಾಗಲೆಲ್ಲ ದಾಳಿ ನಡೆದಿದೆ ಎಂದು ತಿಳಿಯಬೇಕಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಕಾರಣ ತೀರಾ ಸಾಧಾರಣವಾಗಿರುತ್ತದೆ. ತೊಂದರೆಯೆಂದರೆ ಸಾಧಾರಣ ಕಾರಣಕ್ಕೂ ದಾಳಿಗೂ ಪರದೆಯ ಮೇಲೆ ಬರುವ ಸಂದೇಶ ಒಂದೇ.

ತಾಣಕ್ಕೆ ಗೊತ್ತಿರುವುದು ಎಷ್ಟು?

ನೋಂದಣಿ ಪುಟದಲ್ಲಿ ನೀವು ವಿಳಾಸ ಟೈಪ್ ಮಾಡಿದಾಗ ತಾಣ ಮಾಡುವ ಕೆಲಸ ಸರಳ. ತನ್ನ ಬಳಕೆದಾರರ ಪಟ್ಟಿಯಲ್ಲಿ ಅದೇ ಅಕ್ಷರಗಳ ಸಾಲು ಇದೆಯೇ ಎಂದು ಹುಡುಕುತ್ತದೆ, ಇದ್ದರೆ ತಡೆಯುತ್ತದೆ. ಒಂದು ವಿಳಾಸಕ್ಕೆ ಒಂದೇ ಖಾತೆ ಎಂಬ ನಿಯಮವನ್ನು ಡೇಟಾಬೇಸ್‌ನಲ್ಲೇ ಹಾಕಿಟ್ಟಿರುವುದರಿಂದ ಎರಡನೆಯ ಸಾಲು ಸೇರಿಸಲು ಬರುವುದಿಲ್ಲ. ಆ ಮೊದಲ ಸಾಲನ್ನು ಯಾರು ಬರೆಸಿದರು, ಅವರಿಗೆ ಆ ಅಂಚೆಪೆಟ್ಟಿಗೆಯ ಮೇಲೆ ಹಿಡಿತವಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ದೃಢೀಕರಣದ ಮೇಲ್‌ನಿಂದ ಸಿಗಬೇಕು: ತಾಣ ಒಂದು ಕೊಂಡಿಯನ್ನೋ ಅಂಕಿಗಳ ಸಂಕೇತವನ್ನೋ ಆ ವಿಳಾಸಕ್ಕೆ ಕಳುಹಿಸುತ್ತದೆ, ಅದನ್ನು ಮರಳಿಸಿದವರು ಆ ಪೆಟ್ಟಿಗೆಯನ್ನು ಓದಬಲ್ಲರು ಎಂದಾಗುತ್ತದೆ.

ಅನೇಕ ಸೇವೆಗಳು ಈ ದೃಢೀಕರಣವನ್ನು ಕೇಳುವುದು ಖಾತೆ ತೆರೆದ ನಂತರ. ಕಾರಣ ವ್ಯಾಪಾರದ್ದು. ಹೊಸಬ ಇಮೇಲ್ ತೆರೆಯಲು ಪುಟ ಬಿಟ್ಟು ಹೋದರೆ ಮರಳಿ ಬರುವ ಖಾತರಿಯಿಲ್ಲ. ಹಾಗಾಗಿ ಮೊದಲು ಒಳಗೆ ಬಿಟ್ಟು, ‘ದಯವಿಟ್ಟು ನಿಮ್ಮ ವಿಳಾಸ ದೃಢಪಡಿಸಿ’ ಎಂಬ ಪಟ್ಟಿಯನ್ನು ಪುಟದ ಮೇಲ್ಭಾಗದಲ್ಲಿ ತೂಗುಹಾಕುತ್ತಾರೆ. ಕೆಲವು ತಾಣಗಳಲ್ಲಿ ಆ ಪಟ್ಟಿ ವರ್ಷಗಟ್ಟಲೆ ತೂಗುತ್ತಿದ್ದರೂ ಯಾರೂ ಕೇಳುವುದಿಲ್ಲ. ಖಾತೆ ಅಷ್ಟೂ ಕಾಲ ಕೆಲಸ ಮಾಡುತ್ತದೆ, ವಿಳಾಸವನ್ನು ಹಿಡಿದೂ ಇಟ್ಟುಕೊಳ್ಳುತ್ತದೆ. ಖಾಲಿ ಸೀಟಿನ ಮೇಲೆ ಟವಲ್ ಹಾಕಿ ಹೋದವರು ಯಾರೆಂದು ಕೇಳದೆಯೇ, ಟಿಕೆಟ್ ಇರುವವರಿಗೆ ‘ಈ ಸೀಟು ಭರ್ತಿಯಾಗಿದೆ’ ಎನ್ನುವಂತೆ.

ಹೀಗಾಗಿ ಸಂದೇಶದಿಂದ ತಿಳಿಯುವುದು ಇಷ್ಟೇ: ಈ ಅಕ್ಷರಗಳ ಸಾಲು ನಮ್ಮ ಪಟ್ಟಿಯಲ್ಲಿದೆ. ಅದಕ್ಕಿಂತ ಹೆಚ್ಚೇನೂ ಅಲ್ಲ. ನಿಮ್ಮ ಇಮೇಲ್ ಪಾಸ್‌ವರ್ಡ್ ಸೋರಿದೆ ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ. ಇಂಥ ಖಾತೆ ತೆರೆಯಲು ನಿಮ್ಮ ಪೆಟ್ಟಿಗೆಯೊಳಗೆ ಇಣುಕುವ ಅಗತ್ಯವೇ ಇರುವುದಿಲ್ಲ.

ಸಾಧಾರಣ ಕಾರಣಗಳು

ಮೊದಲನೆಯದು ಮರೆವು, ಆದರೆ ಜನ ಅಂದುಕೊಳ್ಳುವ ಬಗೆಯದ್ದಲ್ಲ. ಪಾಸ್‌ವರ್ಡ್ ಹಾಕಿ ಖಾತೆ ತೆರೆದದ್ದು ನೆನಪಿರುತ್ತದೆ. ‘ಗೂಗಲ್ ಮೂಲಕ ಮುಂದುವರಿಯಿರಿ’ ಎಂಬ ಗುಂಡಿಯನ್ನು ಒಂದು ಲೇಖನ ಓದಲೆಂದು ಒತ್ತಿದ್ದು ನೆನಪಿರುವುದಿಲ್ಲ, ಅದೂ ಖಾತೆಯೇ. ಖಾತೆಯಿಲ್ಲದೆ ಅತಿಥಿಯಾಗಿ ಏನನ್ನೋ ಕೊಂಡಿದ್ದರೆ ಆ ಅಂಗಡಿಯ ತಂತ್ರಾಂಶ ಒಳಗೊಳಗೇ ಒಂದು ಖಾತೆ ಸೃಷ್ಟಿಸಿರಬಹುದು. ಸಹೋದ್ಯೋಗಿಯೊಬ್ಬರು ಯಾವುದೋ ಕಡತವನ್ನು ಹಂಚಿಕೊಂಡು ನಿಮ್ಮ ವಿಳಾಸಕ್ಕೆ ಆಹ್ವಾನ ಕಳುಹಿಸಿದ್ದರೆ, ನೀವು ಒಪ್ಪುವ ಮೊದಲೇ ನಿಮ್ಮ ಹೆಸರಿನ ಅರೆಬರೆ ಖಾತೆ ಅಲ್ಲಿ ಕಾದಿರುತ್ತದೆ. ಒಂದೇ ಕಂಪನಿಯ ಹಲವು ಸೇವೆಗಳಿಗೆ ಒಂದೇ ಬಳಕೆದಾರರ ಪಟ್ಟಿ ಇರುವುದೂ ಉಂಟು. ಅಕ್ಕನ ಸೇವೆಗೆ ಸೇರಿದವರು ತಂಗಿಯ ಸೇವೆಯಲ್ಲೂ ‘ನೋಂದಾಯಿತರು’. ಹಿಂದೆ ಅಳಿಸಿದ ಖಾತೆಯೂ ಹೀಗೆ ಎದುರಾಗಬಹುದು. ಅಳಿಸಿದೆ ಎಂದು ತಾಣ ಹೇಳಿದರೂ ಎಷ್ಟೋ ಕಡೆ ಆ ಸಾಲಿಗೆ ‘ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆಯಷ್ಟೇ, ಸಾಲು ಅಲ್ಲೇ ಇರುತ್ತದೆ.

ಇನ್ನೊಂದು ಗುಂಪಿನ ಕಾರಣಗಳಲ್ಲಿ ನಿಜಕ್ಕೂ ಬೇರೊಬ್ಬ ವ್ಯಕ್ತಿ ಇದ್ದಾನೆ, ಆದರೆ ಕೆಟ್ಟವನಲ್ಲ. ಸಾಮಾನ್ಯ ಹೆಸರಿನ ವಿಳಾಸ ಉಳ್ಳವರಿಗೆ ಇದು ಚೆನ್ನಾಗಿ ಗೊತ್ತು. ಅದೇ ಹೆಸರಿನ ಮತ್ತೊಬ್ಬರು ತಮ್ಮ ವಿಳಾಸದ ಕೊನೆಯ ಅಂಕಿಯನ್ನು ಬಿಟ್ಟು ಟೈಪ್ ಮಾಡುತ್ತಾರೆ, ಅಥವಾ ತಮ್ಮ ವಿಳಾಸ ಅದೇ ಎಂದು ಬಲವಾಗಿ ನಂಬಿರುತ್ತಾರೆ. ಜಿಮೇಲ್‌ನಲ್ಲಿ ಇದಕ್ಕೆ ಒಂದು ತಿರುವಿದೆ. ಅಲ್ಲಿ @ ಚಿಹ್ನೆಗೆ ಮುಂಚಿನ ಚುಕ್ಕಿಗಳಿಗೆ ಬೆಲೆಯಿಲ್ಲ; ಚುಕ್ಕಿಯನ್ನು ಎಲ್ಲಿಟ್ಟರೂ, ಬಿಟ್ಟರೂ ಮೇಲ್ ಒಂದೇ ಪೆಟ್ಟಿಗೆಗೆ ಬರುತ್ತದೆ. ಹೊರಗಿನ ತಾಣಗಳಲ್ಲಿ ಹಲವಕ್ಕೆ ಮಾತ್ರ ಚುಕ್ಕಿ ಬೇರೆಯಾದರೆ ವಿಳಾಸವೂ ಬೇರೆ, ಇನ್ನು ಕೆಲವು ಚುಕ್ಕಿಗಳನ್ನು ತೆಗೆದು ಹೋಲಿಸುತ್ತವೆ. ಚುಕ್ಕಿಯಿಟ್ಟು ಬೇರೊಬ್ಬರು ತೆರೆದ ಖಾತೆ ಚುಕ್ಕಿಯಿಲ್ಲದ ನಿಮ್ಮ ದಾರಿಗೆ ಅಡ್ಡ ಬರುವುದು ಈ ಎರಡನೆಯ ಬಗೆಯ ತಾಣಗಳಲ್ಲಿ. ಮೊದಲ ಬಗೆಯ ತಾಣಗಳಲ್ಲಿ ನಿಮ್ಮ ನೋಂದಣಿ ಸರಾಗವಾಗಿ ಮುಗಿಯುತ್ತದೆ, ಬೇರೊಬ್ಬರ ಬಿಲ್ಲು, ನೆನಪೋಲೆಗಳೂ ಅದೇ ಪೆಟ್ಟಿಗೆಗೆ ಬೀಳುತ್ತಿರುತ್ತವೆ.

ಮೊದಲೇ ಹೂಡಿಟ್ಟ ಬಲೆ

ಈಗ ಅಪರೂಪದ, ಆದರೆ ತಿಳಿದಿರಲೇಬೇಕಾದ ಪ್ರಸಂಗ. ಲತಾ ಎಂಬ ಉದ್ಯೋಗಿಯನ್ನು ಊಹಿಸಿಕೊಳ್ಳೋಣ; ಆಕೆಯ ವಿಳಾಸ latha.m@example.com. ಆಕೆಯ ಕಚೇರಿ ಸದ್ಯದಲ್ಲೇ ಕಡತ ಹಂಚಿಕೆಯ ಹೊಸ ಸೇವೆಯೊಂದನ್ನು ಬಳಸಲಿದೆ ಎಂಬ ಸುದ್ದಿ ಹೊರಗಿನವರ ಕಿವಿಗೂ ಬಿದ್ದಿದೆ. ಕಚೇರಿಯ ವಿಳಾಸಗಳು ಯಾವ ಮಾದರಿಯಲ್ಲಿರುತ್ತವೆ ಎಂದು ಊಹಿಸುವುದು ಕಷ್ಟವಲ್ಲ. ದಾಳಿಕೋರ ಆ ಸೇವೆಗೆ ಹೋಗಿ ಲತಾಳ ವಿಳಾಸ ಬರೆದು, ತನಗೆ ಬೇಕಾದ ಪಾಸ್‌ವರ್ಡ್ ಇಟ್ಟು ಖಾತೆ ತೆರೆಯುತ್ತಾನೆ. ಲತಾಳಿಗೆ ‘ಸುಸ್ವಾಗತ, ನಿಮ್ಮ ವಿಳಾಸ ದೃಢಪಡಿಸಿ’ ಎಂಬ ಮೇಲ್ ಬರುತ್ತದೆ. ಕೇಳರಿಯದ ಸೇವೆಯ ಮೇಲ್ ಆದ್ದರಿಂದ ಆಕೆ ಅದನ್ನು ತೆರೆಯದೆಯೇ ಬಿಡುತ್ತಾಳೆ. ಎಲ್ಲರೂ ಮಾಡುವುದು ಅದನ್ನೇ.

ಕೆಲವು ತಿಂಗಳ ಬಳಿಕ ಕಚೇರಿ ಆಕೆಯನ್ನು ಸೇರಲು ಹೇಳುತ್ತದೆ. ‘ಈಗಾಗಲೇ ನೋಂದಣಿಯಾಗಿದೆ’ ಎಂದು ತಾಣ ಹೇಳುತ್ತದೆ. ಕಚೇರಿಯವರೇ ಖಾತೆ ಮಾಡಿಟ್ಟಿರಬೇಕು ಎಂದುಕೊಂಡ ಲತಾ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ತರಿಸಿಕೊಂಡು, ಹೊಸ ಪಾಸ್‌ವರ್ಡ್ ಇಟ್ಟು ಒಳಗೆ ಹೋಗುತ್ತಾಳೆ. ಕೊಂಡಿ ಬಂದದ್ದು ಆಕೆಯ ಪೆಟ್ಟಿಗೆಗೇ, ದಾಳಿಕೋರನ ಪಾಸ್‌ವರ್ಡ್ ಸತ್ತುಹೋಯಿತು. ನ್ಯಾಯವಾಗಿ ಕತೆ ಇಲ್ಲಿಗೆ ಮುಗಿಯಬೇಕು.

ಮುಗಿಯದಿರುವುದಕ್ಕೆ ಕಾರಣ, ಪಾಸ್‌ವರ್ಡ್ ಖಾತೆಯ ಒಂದೇ ಬಾಗಿಲಲ್ಲ. ಒಮ್ಮೆ ಲಾಗಿನ್ ಆದ ಬ್ರೌಸರ್‌ಗೆ ತಾಣ ಒಂದು ಸೆಷನ್ ಗುರುತು ಕೊಡುತ್ತದೆ. ಅದು ಇರುವವರೆಗೆ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೇಳುವುದಿಲ್ಲ. ದಾಳಿಕೋರ ಖಾತೆ ತೆರೆದ ದಿನದಿಂದ ಆ ಸೆಷನ್ ಅನ್ನು ಕೈಬಿಟ್ಟಿಲ್ಲ. ಆಗಾಗ ಪುಟವೊಂದನ್ನು ತೆರೆಯುವ ಚಿಕ್ಕ ಪ್ರೋಗ್ರಾಮ್ ಬರೆದಿಟ್ಟರೆ ಅದು ಜೀವಂತವಾಗಿರುತ್ತದೆ. ಪಾಸ್‌ವರ್ಡ್ ಬದಲಾದಾಗ ಹಳೆಯ ಸೆಷನ್‌ಗಳನ್ನೆಲ್ಲ ಕಡಿದುಹಾಕುವುದು ತಾಣದ ಕರ್ತವ್ಯ. ಅದನ್ನು ಮಾಡದ ತಾಣದಲ್ಲಿ ಲತಾ ಕಚೇರಿಯ ಕಡತಗಳನ್ನು ಏರಿಸುತ್ತ ಹೋದಂತೆ ಅವನು ಓದುತ್ತ ಕೂರುತ್ತಾನೆ.

ಎರಡನೆಯ ಉಪಾಯ ಇನ್ನೂ ಜಾಣತನದ್ದು. ದಾಳಿಕೋರ ಲತಾಳ ವಿಳಾಸದಲ್ಲಿ ಖಾತೆ ತೆರೆದ ಮೇಲೆ, ಖಾತೆಯ ಇಮೇಲ್ ಅನ್ನು ತನ್ನದಕ್ಕೆ ಬದಲಿಸಬೇಕೆಂದು ತಾಣವನ್ನು ಕೇಳುತ್ತಾನೆ. ‘ಬದಲಾವಣೆ ಖಚಿತಪಡಿಸಿ’ ಎಂಬ ಕೊಂಡಿ ಅವನ ಪೆಟ್ಟಿಗೆಗೆ ಬರುತ್ತದೆ. ಅವನು ಅದನ್ನು ಒತ್ತುವುದಿಲ್ಲ, ಕಾಯುತ್ತಾನೆ. ಲತಾ ಪಾಸ್‌ವರ್ಡ್ ಮರುಹೊಂದಿಸಿ, ಖಾತೆಯಲ್ಲಿ ಬೆಲೆಬಾಳುವ ವಿಷಯ ತುಂಬಿದ ಮೇಲೆ ಒತ್ತುತ್ತಾನೆ. ಆ ಕೊಂಡಿಗೆ ಅವಧಿ ಮುಗಿದಿರದಿದ್ದರೆ ಖಾತೆಯೇ ಅವನ ವಿಳಾಸಕ್ಕೆ ಹೋಗುತ್ತದೆ. ಅಧ್ಯಯನದಲ್ಲಿ ಡ್ರಾಪ್‌ಬಾಕ್ಸ್‌ನಲ್ಲಿ ಕಂಡದ್ದು ಈ ಬಗೆಯ ದೋಷ. ಸಂಶೋಧಕರು ತಿಳಿಸಿದ ಬಳಿಕ ಅದನ್ನು ಸರಿಪಡಿಸಲಾಯಿತು. ಇದೇ ಜಾತಿಯ ಮತ್ತೊಂದು ಉಪಾಯದಲ್ಲಿ ದಾಳಿಕೋರ ತನ್ನ ಮೊಬೈಲ್ ಸಂಖ್ಯೆಯನ್ನೋ ತನ್ನ ಬೇರೊಂದು ಸಾಮಾಜಿಕ ಜಾಲತಾಣದ ಖಾತೆಯನ್ನೋ ಮೊದಲೇ ಜೋಡಿಸಿಟ್ಟಿರುತ್ತಾನೆ, ನಂತರ ಆ ಹಿಂಬಾಗಿಲಿನಿಂದ ಬರುತ್ತಾನೆ.

ಮೂರನೆಯದರಲ್ಲಿ ಲತಾಳಿಗೆ ಎಚ್ಚರಿಕೆಯ ಸಂದೇಶವೂ ಕಾಣುವುದಿಲ್ಲ. ಆಕೆ ವಿಳಾಸ ಟೈಪ್ ಮಾಡುವ ಬದಲು ‘ಗೂಗಲ್ ಮೂಲಕ ಮುಂದುವರಿಯಿರಿ’ ಎಂದು ಒತ್ತುತ್ತಾಳೆ ಎನ್ನಿ. ಗೂಗಲ್ ಆಕೆಯ ವಿಳಾಸವನ್ನು ತಾಣಕ್ಕೆ ಹೇಳುತ್ತದೆ. ಅದೇ ವಿಳಾಸದ ಖಾತೆ ಪಟ್ಟಿಯಲ್ಲಿರುವುದನ್ನು ಕಂಡ ತಾಣ ‘ಇಬ್ಬರೂ ಒಬ್ಬರೇ’ ಎಂದು ತೀರ್ಮಾನಿಸಿ ಎರಡನ್ನೂ ಸದ್ದಿಲ್ಲದೆ ಬೆಸೆಯುತ್ತದೆ. ಇನ್ನು ಮುಂದೆ ಆ ಖಾತೆಗೆ ಎರಡು ದಾರಿ: ಲತಾಳಿಗೆ ಗೂಗಲ್, ದಾಳಿಕೋರನಿಗೆ ಅವನು ಇಟ್ಟಿದ್ದ ಪಾಸ್‌ವರ್ಡ್. ಝೂಮ್ ಸೇವೆಯಲ್ಲಿ ಇಂಥ ಬೆಸುಗೆಯ ದೋಷ ಪತ್ತೆಯಾಗಿತ್ತು, ಅದೂ ಸರಿಹೋಗಿದೆ. ಗುಂಡಿ ಒತ್ತಿ ಸರಾಗವಾಗಿ ಒಳಗೆ ಹೋದವರಿಗಿಂತ, ‘ಈಗಾಗಲೇ ನೋಂದಣಿಯಾಗಿದೆ’ ಎಂಬ ಸಂದೇಶ ಕಂಡು ಕಿರಿಕಿರಿಗೊಂಡವರೇ ಅದೃಷ್ಟವಂತರು ಎನ್ನಬೇಕಾಗುತ್ತದೆ. ಅವರಿಗೆ ಅನುಮಾನಪಡುವ ಅವಕಾಶವಾದರೂ ಸಿಕ್ಕಿತು.

ಅಂಥ ಸಂದೇಶ ತೋರಿಸುವುದು ಸರಿಯೇ?

ಭದ್ರತಾ ತಜ್ಞರಲ್ಲಿ ಒಂದು ಗುಂಪು ಈ ಸಂದೇಶ ಇರಲೇಬಾರದು ಎನ್ನುತ್ತದೆ. ನೋಂದಣಿ ಪುಟದಲ್ಲಿ ಯಾರ ವಿಳಾಸ ಹಾಕಿದರೂ ಅವರು ಸದಸ್ಯರೋ ಅಲ್ಲವೋ ಎಂಬುದು ತಿಳಿಯುವುದಾದರೆ, ಆ ಪುಟ ಯಾರ ಬಗ್ಗೆಯಾದರೂ ವಿಚಾರಿಸುವ ಕಿಟಕಿಯಾಯಿತು. ಸೇವೆ ಕಾಯಿಲೆಗೆ, ಸಾಲಕ್ಕೆ ಅಥವಾ ಖಾಸಗಿ ಸಂಬಂಧಗಳಿಗೆ ಸೇರಿದ್ದಾದರೆ ಅಷ್ಟೇ ಮಾಹಿತಿ ಸಾಕು, ಮನೆ ಮುರಿಯಬಹುದು. ವೆಬ್ ಭದ್ರತೆಯ ಮಾರ್ಗದರ್ಶನ ನೀಡುವ ಓವಾಸ್ಪ್ ಸಂಸ್ಥೆಯ ಸಲಹೆಯೂ ಇದೇ: ಖಾತೆ ಇರಲಿ ಇಲ್ಲದಿರಲಿ, ಪರದೆಯ ಮೇಲೆ ಒಂದೇ ಉತ್ತರ ಬರಬೇಕು.

ವಿವಾಹೇತರ ಸಂಬಂಧ ಬಯಸುವವರಿಗಾಗಿ ನಡೆಯುತ್ತಿದ್ದ ಆ್ಯಶ್ಲೀ ಮ್ಯಾಡಿಸನ್ ತಾಣ ಈ ವಾದಕ್ಕೆ ಎರಡು ಪಾಠಗಳನ್ನು ಒದಗಿಸಿತು. ಪಾಸ್‌ವರ್ಡ್ ಮರೆತವರ ಪುಟದಲ್ಲಿ ಅದು ಎಲ್ಲರಿಗೂ ಒಂದೇ ಸಂದೇಶ ತೋರಿಸುತ್ತಿತ್ತು. ಆದರೆ ವಿಳಾಸ ಪಟ್ಟಿಯಲ್ಲಿದ್ದರೆ ಪುಟದ ರೂಪ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು ಬಗೆ. ಮಾತು ಒಂದೇ ಇದ್ದರೂ ಮುಖ ಗುಟ್ಟು ಬಿಟ್ಟುಕೊಡುತ್ತದೆ ಎಂದು ಭದ್ರತಾ ಲೇಖಕ ಟ್ರಾಯ್ ಹಂಟ್ 2015ರಲ್ಲಿ ತೋರಿಸಿದರು. ಅದೇ ವರ್ಷ ತಾಣದ ದತ್ತಾಂಶ ಸೋರಿ ಕೋಟ್ಯಂತರ ವಿಳಾಸಗಳು ಬಯಲಾದಾಗ ಎರಡನೆಯ ಪಾಠ ಬಂತು. ತಾಣ ವಿಳಾಸಗಳನ್ನು ದೃಢೀಕರಿಸಿಕೊಂಡೇ ಇರಲಿಲ್ಲ. ಆದ್ದರಿಂದ ಆ ತಾಣದತ್ತ ಸುಳಿಯದವರ ವಿಳಾಸಗಳೂ ಪಟ್ಟಿಯಲ್ಲಿದ್ದವು. ಕೆನಡಾ ಮತ್ತು ಆಸ್ಟ್ರೇಲಿಯಾದ ಖಾಸಗಿತನ ಆಯುಕ್ತರು ಜಂಟಿಯಾಗಿ ನಡೆಸಿ 2016ರಲ್ಲಿ ಪ್ರಕಟಿಸಿದ ತನಿಖೆ ಇದನ್ನು ಕಾನೂನಿನ ಉಲ್ಲಂಘನೆಯೆಂದೇ ಪರಿಗಣಿಸಿತು. ತಾನು ತೆರೆಯದ ಖಾತೆಯಿಂದ ಏನು ನಷ್ಟ ಎಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಎದುರು ವಾದವೂ ಪೊಳ್ಳಲ್ಲ. ಎಲ್ಲರಿಗೂ ‘ನಿಮಗೆ ಮೇಲ್ ಕಳುಹಿಸಿದ್ದೇವೆ’ ಎಂದರೆ, ವಿಳಾಸವನ್ನು ತಪ್ಪಾಗಿ ಟೈಪ್ ಮಾಡಿದವರು ಬಾರದ ಮೇಲ್‌ಗಾಗಿ ಕಾಯುತ್ತಲೇ ಇರುತ್ತಾರೆ. ಹಳೆಯ ಸದಸ್ಯರಿಗೆ ತಾವು ಸದಸ್ಯರೆಂಬುದೇ ತಿಳಿಯದೆ ಸಹಾಯವಾಣಿಗೆ ದೂರುಗಳು ಹೆಚ್ಚುತ್ತವೆ. ಸಿನಿಮಾ ಟಿಕೆಟ್ ಕಾಯ್ದಿರಿಸುವ ತಾಣದಲ್ಲಿ ಯಾರಿಗೆ ಖಾತೆ ಇದೆ ಎಂಬುದು ಅಂಥ ಗುಟ್ಟೇನಲ್ಲ, ಅಲ್ಲಿ ಸ್ಪಷ್ಟ ಸಂದೇಶವೇ ಮೇಲು ಎಂಬ ಮಾತಿನಲ್ಲಿ ಹುರುಳಿದೆ. ಸೇವೆಯ ಸ್ವಭಾವ ನೋಡಿ ನಿರ್ಧರಿಸಬೇಕಾದ ಸಂಗತಿ ಇದು. ಆದರೆ ಗುಟ್ಟು ಕಾಯುತ್ತೇವೆ ಎಂದುಕೊಂಡು ಲಾಗಿನ್ ಪುಟದಲ್ಲಿ ಒಂದೇ ಉತ್ತರ ಕೊಟ್ಟು, ನೋಂದಣಿ ಪುಟದಲ್ಲಿ ‘ಈ ವಿಳಾಸ ಈಗಾಗಲೇ ಇದೆ’ ಎಂದು ಸಾರಿಬಿಡುವ ತಾಣಗಳಿಗೆ ಸಮರ್ಥನೆ ಹುಡುಕುವುದು ಕಷ್ಟ.

ಖಾತೆ ಯಾರದು?

ನಿಮ್ಮ ಪೆಟ್ಟಿಗೆಗೆ ಬರುವ ಕೊಂಡಿಯಿಂದ ಖಾತೆ ತೆರೆಯಲು ಬರುತ್ತದೆ ಎಂದ ಮಾತ್ರಕ್ಕೆ ತೆರೆಯಬಹುದೇ? ಇಲ್ಲಿ ಎರಡು ನಿಲುವುಗಳಿವೆ. ವಿಳಾಸ ನನ್ನದು, ಆದ್ದರಿಂದ ಅದಕ್ಕೆ ಕಟ್ಟಿದ ಖಾತೆಯೂ ನನ್ನದು ಎಂಬುದು ಒಂದು. ಲಾಗಿನ್ ವ್ಯವಸ್ಥೆಗಳೂ ಹೀಗೆಯೇ ಯೋಚಿಸುತ್ತವೆ. ಖಾತೆಯೊಳಗಿನ ಮನೆವಿಳಾಸ, ಹಣಪಾವತಿ, ಆದೇಶಗಳು ಬೇರೊಬ್ಬರವು. ವಿಳಾಸದ ಅಕ್ಷರ ತಪ್ಪಿದ್ದಕ್ಕೆ ಅವೆಲ್ಲ ನಿಮ್ಮವಾಗುವುದಿಲ್ಲ ಎಂಬುದು ಇನ್ನೊಂದು.

ಹೆಸರು ಹೋಲುವ ಅಮಾಯಕರ ಖಾತೆ ಎಂಬುದು ಮೇಲ್‌ಗಳಿಂದ ಗೊತ್ತಾಗುತ್ತಿದ್ದರೆ ಎರಡನೆಯ ನಿಲುವೇ ಸುರಕ್ಷಿತ. ಪಾಸ್‌ವರ್ಡ್ ಬದಲಿಸಿ ಒಳಹೊಕ್ಕರೆ ನೀವು ಬೇರೊಬ್ಬರ ಖಾಸಗಿ ವಿವರ ನೋಡಿದಂತಾಗುತ್ತದೆ, ಅವರ ದಾರಿ ಮುಚ್ಚಿದಂತೆಯೂ ಆಗುತ್ತದೆ. ಅನುಮತಿಯಿಲ್ಲದ ಪ್ರವೇಶವನ್ನು ಅಪರಾಧವೆನ್ನುವ ಕಾನೂನುಗಳು ಹಲವು ದೇಶಗಳಲ್ಲಿವೆ, ‘ಕೊಂಡಿ ನನಗೇ ಬಂದಿತ್ತು’ ಎಂಬ ಸಮಜಾಯಿಷಿ ಎಲ್ಲೆಡೆ ನಿಲ್ಲುತ್ತದೆ ಎಂದು ಹೇಳಲಾಗದು. ಸಹಾಯ ವಿಭಾಗಕ್ಕೆ ಅದೇ ವಿಳಾಸದಿಂದ ಮೇಲ್ ಬರೆದು ‘ಈ ಖಾತೆ ನನ್ನದಲ್ಲ, ಇದರಿಂದ ನನ್ನ ವಿಳಾಸ ಬಿಡಿಸಿಕೊಡಿ’ ಎಂದು ಕೇಳುವುದು ನಿಧಾನದ ದಾರಿ, ಆದರೆ ಸರಿಯಾದದ್ದು. ಬೇರೆ ವಿಳಾಸದಿಂದ ಬರೆದರೆ ಅವರು ಒಪ್ಪಲಾರರು, ಒಪ್ಪಲೂಬಾರದು. ಸುಳ್ಳು ಹೇಳಿ ಖಾತೆ ಕಸಿಯುವವರೂ ಇದೇ ಮಾತು ಹೇಳುತ್ತಾರೆ.

ವಿಳಾಸವೇ ಕೈಬದಲಾಗಿದ್ದರೆ ಪ್ರಶ್ನೆ ಇನ್ನಷ್ಟು ಜಟಿಲ. ಕೆಲಸ ಬಿಟ್ಟವರ ವಿಳಾಸವನ್ನು ಅದೇ ಹೆಸರಿನ ಹೊಸ ಉದ್ಯೋಗಿಗೆ ಕೊಡುವ ಕಚೇರಿಗಳಿವೆ. 2013ರಲ್ಲಿ ಯಾಹೂ ಬಹುಕಾಲ ಬಳಸದ ವಿಳಾಸಗಳನ್ನು ಹೊಸಬರಿಗೆ ಹಂಚಿತು. ಅಂಥ ವಿಳಾಸಕ್ಕೆ ‘ಈಗಾಗಲೇ ನೋಂದಣಿಯಾಗಿದೆ’ ಎಂಬುದು ಅಕ್ಷರಶಃ ಸತ್ಯ: ನೋಂದಾಯಿಸಿದ್ದು ಹಿಂದಿನ ಒಡೆಯ. ಪಾಸ್‌ವರ್ಡ್ ಮರುಹೊಂದಿಸಿದರೆ ಅವರ ಹಳೆಯ ಬದುಕೇ ತೆರೆದುಕೊಳ್ಳುತ್ತದೆ. ‘ಈ ದಿನಾಂಕದಿಂದ ಇದೇ ಒಡೆಯನಿದ್ದರೆ ಮಾತ್ರ ಮೇಲ್ ತಲುಪಿಸು’ ಎಂದು ತಾಣ ಹೇಳಬಲ್ಲ, ಮೇಲ್‌ನ ಮೊದಲಿಗೆ ಸೇರಿಸುವ ಒಂದು ತಲೆಬರಹವನ್ನು ಯಾಹೂ ಮತ್ತು ಫೇಸ್‌ಬುಕ್ ಎಂಜಿನಿಯರ್‌ಗಳು ರೂಪಿಸಿದರು. 2014ರಲ್ಲಿ RFC 7293 ಎಂಬ ಸಂಖ್ಯೆಯಡಿ ಅದು ಪ್ರಕಟವಾಯಿತು. ಕಳುಹಿಸುವವರೂ ಸ್ವೀಕರಿಸುವವರೂ ಇಬ್ಬರೂ ಅದನ್ನು ಪಾಲಿಸಿದರಷ್ಟೇ ಉಪಯೋಗ.

ಪತ್ತೆ ಹಚ್ಚುವ ಬಗೆ

ಪಾಸ್‌ವರ್ಡ್ ಕೊಂಡಿ ಒತ್ತುವ ಮೊದಲು ನೋಡಬೇಕಾದದ್ದು ನಿಮ್ಮ ಪೆಟ್ಟಿಗೆಯನ್ನೇ. ಆ ಸೇವೆಯ ಹೆಸರಿನಿಂದ, ಸ್ಪ್ಯಾಮ್ ಮತ್ತು ಕಸದ ಬುಟ್ಟಿಯನ್ನೂ ಸೇರಿಸಿ ಹುಡುಕಿ. ಹಳೆಯ ಸ್ವಾಗತದ ಮೇಲ್ ಸಿಕ್ಕರೆ ಅದರ ದಿನಾಂಕವೇ ಅರ್ಧ ಕತೆ ಹೇಳುತ್ತದೆ: ಆ ದಿನ ನೀವೇ ಏನಾದರೂ ಕೊಂಡಿದ್ದಿರೇ, ಯಾರಾದರೂ ಆಹ್ವಾನ ಕಳುಹಿಸಿದ್ದರೇ? ಮೇಲ್‌ನ ‘ಇವರಿಗೆ’ ಎಂಬ ಸಾಲನ್ನು ಗಮನವಿಟ್ಟು ಓದಿ. ನೀವು ಎಂದೂ ಇಡದ ಜಾಗದಲ್ಲಿ ಚುಕ್ಕಿ ಇದ್ದರೆ, ಮೇಲ್‌ನಲ್ಲಿ ಬೇರೆ ಹೆಸರಿನಿಂದ ನಿಮ್ಮನ್ನು ಕರೆದಿದ್ದರೆ, ಅಲ್ಲಿ ಹೆಸರು ಹೋಲುವ ಮತ್ತೊಬ್ಬರಿದ್ದಾರೆ. ಗೂಗಲ್ ಮೂಲಕ ಒಳಹೊಕ್ಕ ತಾಣಗಳ ಪಟ್ಟಿ myaccount.google.com/connections ಪುಟದಲ್ಲಿ ಸಿಗುತ್ತದೆ. ಮರೆತ ಗುಂಡಿಗಳೆಲ್ಲ ಅಲ್ಲಿ ದಾಖಲಾಗಿರುತ್ತವೆ. ಯಾವ ಮೇಲೂ ಇಲ್ಲ, ಪಟ್ಟಿಯಲ್ಲೂ ಇಲ್ಲ ಎಂದಾದರೆ ಅದೇ ಕಂಪನಿಯ ಬೇರೆ ಸೇವೆಯ ಖಾತೆಯೋ, ದೃಢೀಕರಣದ ಮೇಲನ್ನೇ ಕಳುಹಿಸದ ತಾಣವೋ ಇರಬಹುದು.

ನೀವು ಕೇಳದ ದೃಢೀಕರಣದ ಮೇಲ್ ಸಿಕ್ಕಿದರೆ ಅದರಲ್ಲಿನ ‘ಖಚಿತಪಡಿಸಿ’ ಗುಂಡಿಯನ್ನು ಒತ್ತಬಾರದು. ಕುತೂಹಲಕ್ಕೆ ಒತ್ತಿದರೂ ಬೇರೊಬ್ಬರು ತೆರೆದ ಖಾತೆಗೆ ನೀವೇ ಮುದ್ರೆ ಹಾಕಿದಂತೆ. ಅಲ್ಲಿಯವರೆಗೆ ಅರ್ಧ ಅಧಿಕಾರವಿದ್ದ ಖಾತೆಗೆ ಪೂರ್ಣ ಅಧಿಕಾರ ಸಿಗುತ್ತದೆ. ‘ಇದು ನಾನಲ್ಲ’ ಎಂಬ ಕೊಂಡಿ ಇದ್ದರೆ ಅದನ್ನು ಬಳಸಿ, ಮೇಲ್ ನಿಜಕ್ಕೂ ಆ ಸೇವೆಯದೇ ಎಂದು ಖಚಿತವಾದ ಮೇಲೆ. ಒಂದೇ ಗಂಟೆಯಲ್ಲಿ ಹತ್ತಾರು ತಾಣಗಳಿಂದ ಸ್ವಾಗತದ ಮೇಲ್‌ಗಳು ಸುರಿದರೆ ಅದು ಬೇರೆಯೇ ಕತೆ. ಬ್ಯಾಂಕಿನಿಂದಲೋ ಅಂಗಡಿಯಿಂದಲೋ ಬಂದ ನಿಜವಾದ ಎಚ್ಚರಿಕೆಯನ್ನು ಆ ರಾಶಿಯಲ್ಲಿ ಹೂತುಹಾಕಲು ವಂಚಕರು ಹೀಗೆ ಮಾಡುತ್ತಾರೆ. ಮೊದಲು ಹಣದ ಖಾತೆಗಳನ್ನು ನೋಡಬೇಕು.

ಖಾತೆಯಲ್ಲಿ ಬೇರೊಬ್ಬ ಅಮಾಯಕರ ಸುಳಿವಿಲ್ಲ, ನಿಮಗೆ ಆ ಸೇವೆ ಬೇಕೇ ಬೇಕು ಎಂದಾದರೆ ಪಾಸ್‌ವರ್ಡ್ ಮರುಹೊಂದಿಸಿ ಒಳಗೆ ಹೋಗಬಹುದು. ಆದರೆ ಅಲ್ಲಿ ನಿಮ್ಮದೇನನ್ನೂ ಇಡುವ ಮೊದಲು ಸೆಟ್ಟಿಂಗ್ಸ್ ಪುಟದ ಕೆಲಸ ಮುಗಿಸಬೇಕು. ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವ ಆಯ್ಕೆ ಬಳಸಿದರೆ ಹಳೆಯ ಸೆಷನ್ ಕಡಿದುಹೋಗುತ್ತದೆ. ನಂತರ ಮೊಬೈಲ್ ಸಂಖ್ಯೆ, ಎರಡನೆಯ ಇಮೇಲ್, ಜೋಡಿಸಿದ ಸಾಮಾಜಿಕ ಖಾತೆಗಳು, ಅನುಮತಿ ಪಡೆದ ಇತರ ಆ್ಯಪ್‌ಗಳು: ಇವುಗಳಲ್ಲಿ ನಿಮ್ಮದಲ್ಲದ್ದನ್ನು ತೆಗೆಯಿರಿ. ಬಾಕಿ ಇರುವ ಇಮೇಲ್ ಬದಲಾವಣೆಯ ಕೋರಿಕೆ ಕಂಡರೆ ರದ್ದುಮಾಡಿ. ತೊಡಕೆಂದರೆ ಎಲ್ಲ ತಾಣಗಳೂ ಅಂಥ ಕೋರಿಕೆಯನ್ನು ತೋರಿಸುವುದಿಲ್ಲ. ಅಂಥ ಕಡೆ ಖಾತೆಯನ್ನು ಅಳಿಸಿ ಹೊಸದಾಗಿ ಸೇರುವುದು ಹೆಚ್ಚು ಖಚಿತ, ಅಳಿಸಿದ ವಿಳಾಸವನ್ನು ತಾಣ ಮತ್ತೆ ಸ್ವೀಕರಿಸುವುದಾದರೆ.

ಹೊಸ ಪಾಸ್‌ವರ್ಡ್ ಇಟ್ಟ ಮೇಲೂ ನೀವು ಎಂದೂ ಹೊಂದಿಸದ ಎರಡನೆಯ ಹಂತದ ಸಂಕೇತವನ್ನು ತಾಣ ಕೇಳಿದರೆ, ಖಾತೆಯನ್ನು ಒಬ್ಬ ಮನುಷ್ಯ ಯೋಚಿಸಿ ಬಳಸಿದ್ದಾನೆ ಎಂದರ್ಥ. ಆಹ್ವಾನದಿಂದಲೋ ಅತಿಥಿ ಖರೀದಿಯಿಂದಲೋ ಹುಟ್ಟಿದ ಖಾತೆಗೆ ಅದು ತಾನಾಗಿ ಬರುವುದಿಲ್ಲ. ಅಲ್ಲಿಂದ ಮುಂದಕ್ಕೆ ಸಹಾಯ ವಿಭಾಗವೇ ಗತಿ.

ತಾಣದ ಕಡೆಯ ಮದ್ದು

ಬಳಕೆದಾರರು ಇಷ್ಟೆಲ್ಲ ಪತ್ತೇದಾರಿ ಮಾಡಬೇಕಾಗಿ ಬಂದದ್ದೇ ವ್ಯವಸ್ಥೆಯ ಸೋಲು. ಮೂಲದೋಷ ದೃಢೀಕರಿಸದ ವಿಳಾಸಕ್ಕೂ ದೃಢೀಕರಿಸಿದ ವಿಳಾಸಕ್ಕೂ ಒಂದೇ ಹಕ್ಕು ಕೊಟ್ಟಿರುವುದು. ತಿದ್ದುಪಡಿ ತಾಂತ್ರಿಕವಾಗಿ ಕಷ್ಟದ್ದೇನಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ‘ಒಂದು ವಿಳಾಸಕ್ಕೆ ಒಂದೇ ಖಾತೆ’ ಎಂಬ ನಿಯಮವನ್ನು ಎಲ್ಲ ಸಾಲುಗಳ ಮೇಲೆ ಹೇರುವ ಬದಲು, ದೃಢೀಕರಣವಾದ ಸಾಲುಗಳಿಗೆ ಮಾತ್ರ ಅನ್ವಯಿಸಬಹುದು:

```
CREATE UNIQUE INDEX users_email_verified
  ON users (lower(email))
  WHERE verified_at IS NOT NULL;
```

ಹೀಗೆ ಮಾಡಿದರೆ ದೃಢೀಕರಿಸದ ಖಾತೆಗಳು ಎಷ್ಟಿದ್ದರೂ ವಿಳಾಸವನ್ನು ಹಿಡಿದಿಡಲಾರವು. ಲತಾ ಬಂದಾಗ ತಾಣ ಆಕೆಯನ್ನು ತಡೆಯುವುದಿಲ್ಲ, ಹೊಸ ಸಾಲು ಬರೆದು ಆಕೆಗೆ ಸಂಕೇತ ಕಳುಹಿಸುತ್ತದೆ. ಆಕೆ ಅದನ್ನು ಮರಳಿಸಿದ ಕ್ಷಣ ಆಕೆಯ ಸಾಲು ದೃಢವಾಗುತ್ತದೆ. ಅದೇ ವಿಳಾಸದ ಉಳಿದ ಸಾಲುಗಳನ್ನು ಅವುಗಳ ಪಾಸ್‌ವರ್ಡ್, ಸೆಷನ್, ಬಾಕಿ ಕೋರಿಕೆಗಳ ಸಮೇತ ತಾಣ ಅಳಿಸಬೇಕು. ಈ ಅಳಿಸುವ ಹೆಜ್ಜೆಯನ್ನು ಬಿಟ್ಟರೆ ಮೇಲಿನ ನಿಯಮವೊಂದರಿಂದ ಪ್ರಯೋಜನ ಅರ್ಧವೇ. ಗೂಗಲ್‌ನಂಥ ಗುರುತಿನ ಸೇವೆಯಿಂದ ಬಂದವರನ್ನು ಹಳೆಯ ಖಾತೆಗೆ ಬೆಸೆಯುವಾಗಲೂ ಇದೇ ಎಚ್ಚರ ಬೇಕು. ಆ ಸೇವೆಗಳ ಮಾನದಂಡವಾದ ಓಪನ್‌ಐಡಿ ಕನೆಕ್ಟ್, ವ್ಯಕ್ತಿಯನ್ನು ಗುರುತಿಸಲು ಇಮೇಲ್ ಅನ್ನು ನೆಚ್ಚಬಾರದು, ಬದಲಾಗದ sub ಎಂಬ ಗುರುತನ್ನು ನೆಚ್ಚಬೇಕು ಎನ್ನುತ್ತದೆ. ವಿಳಾಸ ಒಂದೇ ಇದೆ ಎಂದು ಬೆಸೆಯುವ ತಾಣಗಳು ಆ ಮಾತನ್ನು ಕಿವಿಗೆ ಹಾಕಿಕೊಂಡಿಲ್ಲ.

ಪಾಸ್‌ವರ್ಡ್ ಬಿಟ್ಟು ಪ್ರತಿ ಬಾರಿಯೂ ಮೇಲ್‌ಗೆ ಸಂಕೇತ ಕಳುಹಿಸುವ ಸೇವೆಗಳಲ್ಲಿ ಪೂರ್ವ ಅಪಹರಣದ ಹಾದಿ ಬಹಳಷ್ಟು ಮುಚ್ಚುತ್ತದೆ. ಪೆಟ್ಟಿಗೆ ಓದಲಾಗದವನಿಗೆ ಖಾತೆ ತೆರೆಯುವುದೇ ಆಗುವುದಿಲ್ಲ. ಬೆಲೆಯೂ ಇದೆ: ಮೇಲ್ ತಡವಾದರೆ ಲಾಗಿನ್ ತಡ, ಪೆಟ್ಟಿಗೆ ಕಳೆದುಕೊಂಡರೆ ಎಲ್ಲವನ್ನೂ ಕಳೆದುಕೊಂಡಂತೆ. ದೃಢೀಕರಣವನ್ನು ಮೊದಲಿಗೇ ತಂದ ತಾಣಗಳಲ್ಲಿ ಹೊಸಬರು ಮಧ್ಯದಲ್ಲೇ ಬಿಟ್ಟುಹೋಗುವ ಭಯ ವ್ಯಾಪಾರ ವಿಭಾಗಕ್ಕೆ ಇದ್ದೇ ಇರುತ್ತದೆ, ಹಾಗಾಗಿ ಎಲ್ಲರೂ ಒಟ್ಟಿಗೆ ಬದಲಾಗುವ ಲಕ್ಷಣವಿಲ್ಲ.

ಬದಲಾದ ತಾಣಗಳಲ್ಲಿ ಅನುಭವ ಹೀಗಿರುತ್ತದೆ: ವಿಳಾಸ ಬರೆದವರಿಗೆಲ್ಲ ಪರದೆ ‘ನಿಮ್ಮ ಮೇಲ್ ನೋಡಿ’ ಎನ್ನುತ್ತದೆ. ಹೊಸಬರಿಗೆ ಮೇಲ್‌ನಲ್ಲಿ ಸಂಕೇತ ಬರುತ್ತದೆ. ದೃಢೀಕರಿಸಿದ ಖಾತೆ ಮೊದಲೇ ಇದ್ದವರಿಗೆ ‘ನಿಮಗೆ ಇಲ್ಲಿ ಖಾತೆ ಇದೆ, ಲಾಗಿನ್ ಆಗಿ’ ಎಂಬ ಮಾತು ಬರುತ್ತದೆ. ಆ ಮಾತು ಓದಲು ಸಿಗುವುದು ಪೆಟ್ಟಿಗೆಯ ಒಡೆಯರಿಗೆ ಮಾತ್ರ.